ಕೆನಡಾ ಸೀಟು, 70 ಪರ್ಸೆಂಟ್ ಸ್ಕಾಲರ್‌ಶಿಪ್: ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ. ಮಗಳು ಬಿ.ಕಾಂ ಮುಗಿಸಿದ್ದಾಳೆ. ಠಾಣೆಯ ಒಬ್ಬ ಏಜೆಂಟರು ಕೆನಡಾದ ಒಂಟಾರಿಯೊದಲ್ಲಿರುವ ಕಾಲೇಜೊಂದರ ಆಫರ್ ಲೆಟರ್ ತರಿಸಿಕೊಟ್ಟಿದ್ದಾರೆ. ಎರಡು ವರ್ಷದ ಡಿಪ್ಲೊಮಾ, ಫೀಸಿನಲ್ಲಿ 70 ಪರ್ಸೆಂಟ್ ಸ್ಕಾಲರ್‌ಶಿಪ್ ಅಂತ ಬರೆದಿದೆ. 25,000 ರೂಪಾಯಿ ಆಗಲೇ ಕೊಟ್ಟಿದ್ದೇವೆ. ಶುಕ್ರವಾರದೊಳಗೆ ಇನ್ನೂ 1,85,000 ಕಟ್ಟದಿದ್ದರೆ ಸ್ಕಾಲರ್‌ಶಿಪ್ ಹೋಗುತ್ತದಂತೆ. ಕಾಲೇಜಿನ ಹೆಸರು ನೆಟ್‌ನಲ್ಲಿ ಸಿಗುತ್ತದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಶುಕ್ರವಾರ ದುಡ್ಡು ಕಟ್ಟಬೇಡಿ. ಅಷ್ಟರೊಳಗೆ ಮಗಳು ಮಾಡಬೇಕಾದ ಕೆಲಸ ಬೇರೆ ಇದೆ.

ಕಾಲೇಜಿನ ಹೆಸರು ನೆಟ್‌ನಲ್ಲಿ ಸಿಕ್ಕಿತು ಅಂದರೆ ಕಾಲೇಜು ಇದೆ ಅಂತ ಗೊತ್ತಾಯಿತು, ಅಷ್ಟೇ. ಅದು ನಿಮ್ಮ ಮಗಳಿಗೆ ಸೀಟು ಕೊಟ್ಟಿದೆಯೋ ಇಲ್ಲವೋ ಅನ್ನುವುದು ಬೇರೆ ಮಾತು. 2023ರಲ್ಲಿ ಕೆನಡಾದಲ್ಲಿ ಸಿಕ್ಕಿಬಿದ್ದ ಪಂಜಾಬಿನ ಹುಡುಗರ ಸುದ್ದಿ ಓದಿರಬಹುದು. ಅವರ ಲೆಟರ್‌ಗಳ ಮೇಲೂ ಅಸಲಿ ಕಾಲೇಜುಗಳ ಹೆಸರೇ ಇತ್ತು. ಲೆಟರ್ ಮಾತ್ರ ಜಲಂಧರ್‌ನ ಏಜೆಂಟ್ ಕೊಟ್ಟ ನಕಲಿ. ಅದೇ ಲೆಟರ್ ಮೇಲೆ ವೀಸಾ ಕೂಡ ಬಂತು! ಕೆನಡಾಕ್ಕೆ ಹೋದ ಮೇಲೆ 'ಆ ಕಾಲೇಜಿನಲ್ಲಿ ಸೀಟು ತುಂಬಿದೆ, ಬೇರೆ ಕಡೆ ಸೇರಿಕೊಳ್ಳಿ' ಅಂತ ಹೇಳಿಸಿಕೊಂಡು ಸೇರಿದರು, ಓದಿದರು. ವರ್ಷಗಳ ಮೇಲೆ ಅಲ್ಲೇ ನೆಲೆಸಲು ಅರ್ಜಿ ಹಾಕಿದಾಗ ಹಳೇ ಲೆಟರ್ ಹೊರಗೆ ಬಂತು. ಆ ಏಜೆಂಟ್‌ಗೆ 2024ರಲ್ಲಿ ಕೆನಡಾದಲ್ಲೇ ಮೂರು ವರ್ಷ ಶಿಕ್ಷೆಯಾಯಿತು, ಸರಿ. ಆದರೆ ಅರ್ಜಿಯಲ್ಲಿ ಸುಳ್ಳು ಕಾಗದ ಇದ್ದರೆ ಹೊಣೆ ಅರ್ಜಿ ಹಾಕಿದವರದು. ಅದಕ್ಕೆ ಅಲ್ಲಿನ ಕಾನೂನಿನಲ್ಲಿ ಐದು ವರ್ಷ ಪ್ರವೇಶ ನಿಷೇಧವಿದೆ.

ಆ ಗಲಾಟೆಯಾದ ಮೇಲೆ ನಿಯಮ ಬದಲಾಯಿತು. 2023ರ ಡಿಸೆಂಬರ್ 1ರಿಂದ, ಬಂದ ಪ್ರತಿ ಲೆಟರನ್ನೂ ಅಲ್ಲಿನ ಇಮಿಗ್ರೇಶನ್ ಇಲಾಖೆ ಕಾಲೇಜಿಗೇ ಕಳಿಸಿ 'ಇದು ನಿಮ್ಮದೇನಾ' ಅಂತ ಕೇಳುತ್ತದೆ. ಕಾಲೇಜು ಹತ್ತು ದಿನದಲ್ಲಿ ಹೌದು ಅನ್ನಬೇಕು. ಹಾಗಾಗಿ ನಕಲಿ ಲೆಟರ್ ಇಟ್ಟುಕೊಂಡು ವೀಸಾ ತೆಗೆಸುವುದು ಈಗ ಕಷ್ಟ. ಹಾಗಾದರೆ ಮೋಸ ನಿಂತಿತಾ? ಇಲ್ಲ. ನಾನು ನೋಡುವ ಪ್ರಕಾರ ಅದು ಒಂದು ಹೆಜ್ಜೆ ಮುಂಚೆ ಬಂದು ನಿಂತಿದೆ. ಈಗ ಏಜೆಂಟ್‌ಗೆ ನಿಮ್ಮ ಮಗಳ ವೀಸಾ ಬೇಕಾಗಿಲ್ಲ, 'ಸೀಟು ಪಕ್ಕಾ' ಮಾಡುವ ದುಡ್ಡು ಸಿಕ್ಕರೆ ಸಾಕು. ಶುಕ್ರವಾರದ ಅವಸರ ಅದಕ್ಕೇ.

ಹೋದ ವರ್ಷ ಪಿಂಪ್ರಿಯಿಂದ ಒಬ್ಬ ಹುಡುಗ ತಂದೆಯ ಜೊತೆ ನನ್ನ ಆಫೀಸಿಗೆ ಬಂದಿದ್ದ. ಹೆಚ್ಚುಕಮ್ಮಿ ನಿಮ್ಮದೇ ಕತೆ. ಲೆಟರ್ ಚೆನ್ನಾಗಿಯೇ ಇತ್ತು. ಲೋಗೋ ಸರಿ, ವಿಳಾಸ ಸರಿ. ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿಯಿರುವ ಕಾಲೇಜಿಗೆ ಅಲ್ಲಿ ಡಿಎಲ್‌ಐ ನಂಬರ್ ಅಂತ ಇರುತ್ತದೆ. ಇಂಗ್ಲಿಷಿನ ಓ ಅಕ್ಷರ, ಅದಾದ ಮೇಲೆ ಉದ್ದನೆಯ ಅಂಕಿ. canada.ca ಸೈಟಿನಲ್ಲಿರುವ ಪಟ್ಟಿಗೆ ಹೋಲಿಸಿದರೆ ಅದೂ ಸರಿಯಿತ್ತು. ಯಾಕೆ ಇರಬಾರದು? ಪಟ್ಟಿ ಎಲ್ಲರಿಗೂ ಕಾಣುತ್ತದೆ, ನಕಲು ಮಾಡುವವನಿಗೂ ಕಾಣುತ್ತದೆ.

ನಾನು ಕೇಳಿದ್ದು ಬೇರೆ. 'ಕಾಲೇಜಿನ ಪೋರ್ಟಲ್‌ಗೆ ನೀನು ಲಾಗಿನ್ ಆಗಿ ತೋರಿಸು' ಅಂದೆ. ಹುಡುಗ ತಂದೆಯ ಮುಖ ನೋಡಿದ. ಅರ್ಜಿಗೆ ಕೊಟ್ಟ ಇಮೇಲ್ ಐಡಿ ಅವನದಲ್ಲ, ಅವನ ಹೆಸರಲ್ಲಿ ಏಜೆಂಟ್ ಮಾಡಿಕೊಂಡಿದ್ದು. ಪಾಸ್‌ವರ್ಡ್ ಏಜೆಂಟ್ ಹತ್ತಿರ. ಕಾಲೇಜು ಏನು ಬರೆದಿದೆ, ಬರೆದಿದೆಯೋ ಇಲ್ಲವೋ, ಹುಡುಗನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಲೆಟರ್ ಅವನಿಗೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ.

ಅಲ್ಲೇ ಕೂರಿಸಿ ಕಾಲೇಜಿಗೆ ಮೇಲ್ ಬರೆಸಿದೆ. ನಿಮ್ಮ ಮಗಳೂ ಇವತ್ತೇ ಅದನ್ನೇ ಮಾಡಲಿ. ಲೆಟರ್ ಮೇಲಿರುವ ಇಮೇಲ್, ಫೋನ್ ಎರಡೂ ಬೇಡ. ಅವು ಏಜೆಂಟನವೇ ಆಗಿರಬಹುದು. ಕಾಲೇಜಿನ ಸ್ವಂತ ವೆಬ್‌ಸೈಟಿನಲ್ಲಿ ಇಂಟರ್‌ನ್ಯಾಶನಲ್ ಆಫೀಸಿನ ವಿಳಾಸ ಹುಡುಕಿ. ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು, ಹುಟ್ಟಿದ ದಿನ, ಲೆಟರಿನಲ್ಲಿರುವ ಸ್ಟೂಡೆಂಟ್ ನಂಬರ್ ಬರೆದು, ಪಿಡಿಎಫ್ ಲಗತ್ತಿಸಿ, ಮೂರು ಪ್ರಶ್ನೆ ಕೇಳಲಿ: ಈ ಲೆಟರ್ ನೀವು ಕೊಟ್ಟದ್ದಾ, ಈ ಸ್ಕಾಲರ್‌ಶಿಪ್ ನಿಮ್ಮಲ್ಲಿ ಇದೆಯಾ, ಈ ಏಜೆಂಟ್ ನಿಮ್ಮ ಅಧಿಕೃತ ಪ್ರತಿನಿಧಿಯಾ? ಮೇಲ್ ಮಗಳೇ ಬರೆಯಬೇಕು. ನೀವು ಬರೆದರೆ ವಿದ್ಯಾರ್ಥಿಯ ವಿವರ ಬೇರೆಯವರಿಗೆ ಕೊಡುವುದಿಲ್ಲ ಅಂತ ಉತ್ತರ ಬರುತ್ತದೆ, ಅಪ್ಪನಾದರೂ ಅಷ್ಟೇ. ಫೋನ್ ಮಾಡುವುದಾದರೆ ನಮ್ಮ ರಾತ್ರಿ ಎಂಟರ ಮೇಲೆ. ಟೊರಾಂಟೊ ಕಡೆ ಆಗ ಬೆಳಿಗ್ಗೆ ಆಫೀಸು ತೆರೆದಿರುತ್ತದೆ.

ಪಿಂಪ್ರಿ ಹುಡುಗನಿಗೆ ಮಾರನೇ ದಿನವೇ ಉತ್ತರ ಬಂತು. ಆ ನಂಬರಿನ ವಿದ್ಯಾರ್ಥಿಯೇ ನಮ್ಮಲ್ಲಿಲ್ಲ.

ಇನ್ನು ಆ 70 ಪರ್ಸೆಂಟ್. ಕೆನಡಾದ ಸರಕಾರಿ ಕಾಲೇಜುಗಳಲ್ಲಿ ಡಿಪ್ಲೊಮಾಕ್ಕೆ ಬರುವ ಹೊರದೇಶದವರಿಗೆ ಸಿಗುವ ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಒಂದೆರಡು ಸಾವಿರ ಡಾಲರ್. ಸಿಕ್ಕರೆ ಅದನ್ನು ಫೀಸಿನಲ್ಲಿ ಕಳೆಯುತ್ತಾರೆ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಠಾಣೆಯಲ್ಲಿ ದುಡ್ಡು ಕಟ್ಟಬೇಕು ಅನ್ನುವ ಪದ್ಧತಿ ನಾನು ಕಂಡಿಲ್ಲ. ಕಾಲೇಜೂ ಡಿಪಾಸಿಟ್ ಕೇಳುತ್ತದೆ ನಿಜ. ಆದರೆ ಹೇಗೆ ಕಟ್ಟಬೇಕು ಅನ್ನುವುದು ಪೋರ್ಟಲ್‌ನಲ್ಲೇ ಇರುತ್ತದೆ. ಬ್ಯಾಂಕಿಗೆ ಹೋಗಿ ಎ2 ಫಾರಂ ತುಂಬಿ, ಓದಿನ ಖರ್ಚು ಅಂತ ಕಾರಣ ಬರೆದು, ಡಾಲರ್‌ನಲ್ಲಿ ಕಳಿಸುತ್ತೀರಿ. ದುಡ್ಡು ಕಟ್ಟಲು ಏಜೆಂಟ್ ಕ್ಯೂಆರ್ ಕೋಡ್ ಕೊಟ್ಟಿದ್ದರೆ ಅದನ್ನು ಒಮ್ಮೆ ಸ್ಕ್ಯಾನ್ ಮಾಡಿ, ಪಿನ್ ಹಾಕಬೇಡಿ. ತೆರೆಯ ಮೇಲೆ ಯಾರ ಹೆಸರು ಬರುತ್ತದೆ? ಯಾವುದೋ ವ್ಯಕ್ತಿಯ ಹೆಸರೋ 'ಎಂಟರ್‌ಪ್ರೈಸಸ್' ಅಂತಲೋ ಬಂದರೆ ಆ ದುಡ್ಡು ಕಾಲೇಜಿಗೆ ಹೋಗುತ್ತಿಲ್ಲ.

ಕಾಲೇಜು 'ಹೌದು, ಲೆಟರ್ ನಮ್ಮದೇ' ಅಂದರೂ ಡಿಎಲ್‌ಐ ಪಟ್ಟಿಗೆ ಇನ್ನೊಮ್ಮೆ ಹೋಗಿ. ಓದು ಮುಗಿದ ಮೇಲೆ ಕೆಲಸದ ಪರ್ಮಿಟ್ ಸಿಗುವ ಕೋರ್ಸು ಅಲ್ಲಿ ಇದೆಯೋ ಇಲ್ಲವೋ ಅಂತ ಕಾಲೇಜಿನ ಹೆಸರಿನ ಎದುರೇ ಬರೆದಿರುತ್ತದೆ. ಇದೆ ಅಂತಿದ್ದರೂ ಎಲ್ಲ ಕೋರ್ಸಿಗೂ ಸಿಗುವುದಿಲ್ಲ. 2024ರ ನವೆಂಬರ್‌ನಿಂದ ಡಿಪ್ಲೊಮಾಗಳಿಗೆ ಓದುವ ವಿಷಯವನ್ನೂ ನೋಡುತ್ತಾರೆ. ಪೂರಾ ಅಸಲಿ ಸೀಟು ಕೊಡಿಸಿ, ಈ ವಿಷಯದಲ್ಲಿ ಸುಳ್ಳು ಹೇಳುವ ಏಜೆಂಟರೂ ಇದ್ದಾರೆ. ನನಗೆ ಇವರ ಮೇಲೇ ಸಿಟ್ಟು ಜಾಸ್ತಿ. ಎರಡು ವರ್ಷ ಓದಿ ಬರಿಗೈಯಲ್ಲಿ ವಾಪಸ್ ಬರುವವರೆಗೂ ಮೋಸ ಅಂತ ಗೊತ್ತಾಗುವುದಿಲ್ಲ.

ಆಗಲೇ ಕೊಟ್ಟ 25,000ದ ಯುಪಿಐ ಸ್ಕ್ರೀನ್‌ಶಾಟ್, ಯುಟಿಆರ್ ನಂಬರ್, ವಾಟ್ಸಾಪ್ ಮಾತುಕತೆ ಎಲ್ಲ ತೆಗೆದಿಡಿ. ಕಾಲೇಜಿನಿಂದ 'ಇಲ್ಲ' ಅಂತ ಬಂದ ತಕ್ಷಣ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ. ಬೇಗ ಹೇಳಿದಷ್ಟೂ ಅವನ ಖಾತೆಯಲ್ಲಿ ಉಳಿದ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಗದು ಕೊಟ್ಟಿದ್ದರೆ ನೇರ ಪೊಲೀಸ್ ಠಾಣೆಗೇ ಹೋಗಬೇಕು.

ಇಷ್ಟಕ್ಕೂ ಮುಂಚೆ ಒಂದು ಕೆಲಸ. ಮಗಳ ಪಾಸ್‌ಪೋರ್ಟ್, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಏಜೆಂಟ್ ಹತ್ತಿರ ಇವೆಯಾ? ನೀವು ಬರೆದಿಲ್ಲ, ಆದರೆ ಹೆಚ್ಚಿನವರು ಕೊಟ್ಟಿರುತ್ತಾರೆ. ಮೇಲ್ ಕಳಿಸಿದ ವಿಷಯ ಅವರ ಕಿವಿಗೆ ಬೀಳುವ ಮೊದಲು, 'ಬ್ಯಾಂಕ್ ಲೋನಿಗೆ ಒರಿಜಿನಲ್ ಕೇಳ್ತಿದ್ದಾರೆ' ಅಂತ ಹೇಳಿ, ಇವತ್ತೇ ಹೋಗಿ ಇಸ್ಕೊಂಡು ಬನ್ನಿ.