ಅಂಕಿ ಬದಲಾದರೆ ಪ್ರಶ್ನೆ ಹೊಸದಾಗುತ್ತಾ?

ಪ್ರಶ್ನೆ: ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ನಾನೇ ತೆಗೆಯುವುದು. ಪ್ರತಿ ವರ್ಷ ಅಂಕಿ ಬದಲಿಸುತ್ತೇನೆ, ನಮ್ಮ ಕಡೆಯ ಊರಿನ ಹೆಸರು ಹಾಕುತ್ತೇನೆ. ಆದರೂ ಮಕ್ಕಳು "ಈ ಸಲ ಇದೇ ಬರುತ್ತೆ ಮೇಡಂ" ಅಂತ ಮೊದಲೇ ಹೇಳಿಬಿಡುತ್ತಾರೆ. ಹಳೆಯ ಪತ್ರಿಕೆಗಳನ್ನು ಹೇಗೆ ನೋಡಿದರೆ ಇದು ತಪ್ಪುತ್ತದೆ?
– ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಐದು ವರ್ಷದ ಪತ್ರಿಕೆಗಳನ್ನು ಹಾಸಿಕೊಂಡು ಕೂರಿ ಮೇಡಂ. ಆದರೆ ಇಡೀ ಪತ್ರಿಕೆಗೆ ಕೈ ಹಾಕಬೇಡಿ, ಒಂದು ಪಾಠ ಸಾಕು. ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳೋಣ. ಅದರ ಒಂದೊಂದು ಪ್ರಶ್ನೆಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ: ವರ್ಷ, ಅಂಕ, ಮೂರನೆಯದಾಗಿ ಮಗು ಏನು ಮಾಡಬೇಕು ಎನ್ನುವುದು. ಪ್ರಶ್ನೆಯ ವಾಕ್ಯ ಬೇಡ. "ಸಮಾಂತರ ಜೋಡಣೆ, ಒಟ್ಟು ರೋಧ" ಅಂತ ಮೂರ್ನಾಲ್ಕು ಪದ ಸಾಕು.

ಈ ಮೂರನೇ ಕಲಂನಲ್ಲೇ ಗುಟ್ಟು ಬಯಲಾಗುವುದು. ಮಕ್ಕಳು ನೆನಪಿಡುವುದು ಪ್ರಶ್ನೆಯ ಮಾತನ್ನಲ್ಲ, ಉತ್ತರಕ್ಕೆ ಹೋಗುವ ದಾರಿಯನ್ನು. ಒಂದು ವರ್ಷ 6 ಓಮ್ ಮತ್ತು 3 ಓಮ್ ಕೊಟ್ಟಿರಿ, ಉತ್ತರ 2 ಓಮ್. ಮರುವರ್ಷ 12 ಮತ್ತು 4 ಕೊಟ್ಟಿರಿ, ಉತ್ತರ 3 ಓಮ್. ನಮ್ಮ ಕಣ್ಣಿಗೆ ಎರಡು ಪ್ರಶ್ನೆ, ಮಗುವಿನ ಕೈಗೆ ಒಂದೇ ಲೆಕ್ಕ. ನಾನು ಮೊದಲ ಸಲ ಹೀಗೆ ಬರೆದು ನೋಡಿದಾಗ ನನ್ನದೇ ಪತ್ರಿಕೆಗಳಲ್ಲಿ ಈ ಸಾಲು ಐದೂ ವರ್ಷ ಇತ್ತು. ನಿಜಕ್ಕೂ ನೋವಾಯಿತು.

ಊರಿನ ಹೆಸರಿನದೂ ಇದೇ ಕಥೆ. 220 ವೋಲ್ಟ್, 100 ವ್ಯಾಟ್ ಬಲ್ಬನ್ನು 110 ವೋಲ್ಟ್‌ಗೆ ಜೋಡಿಸಿದರೆ ಎಷ್ಟು ವ್ಯಾಟ್ ಅನ್ನುವ ಲೆಕ್ಕ ಪಾಠದ ಅಭ್ಯಾಸದಲ್ಲೇ ಇದೆ. ಆಗುಂಬೆಯ ಮಳೆಗೆ ಕರೆಂಟು ಇಳಿದು 110 ಆಯಿತು ಅಂತ ನಾವು ಬರೆದರೂ ಉತ್ತರ ಅದೇ 25 ವ್ಯಾಟ್. ಅಂಗಿ ಬದಲಾಯಿತು, ಆಳು ಅದೇ.

ಗುರುತಿಸಲು ಒಂದು ಪರೀಕ್ಷೆ ಇದೆ. ಹಳೆಯ ಕೀ ಉತ್ತರ ತೆಗೆದುಕೊಂಡು ಅಂಕಿ ಮಾತ್ರ ಬದಲಿಸಿ. ಹೊಸ ಪ್ರಶ್ನೆಗೆ ಅದು ಸಾಲು ಸಾಲಾಗಿ ಹೊಂದಿದರೆ ಅದು ಹಳೆಯ ಪ್ರಶ್ನೆಯೇ. ಉತ್ತರ ಪತ್ರಿಕೆಯಲ್ಲೂ ಸುಳಿವು ಸಿಗುತ್ತದೆ. ಲೆಕ್ಕದ ನಡುವೆ ಹೋದ ವರ್ಷದ ಅಂಕಿ ನುಸುಳಿದ್ದರೆ ಮಗು ಬಾಯಿಪಾಠ ಮಾಡಿ ಬಂದಿದೆ.

ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದರೆ ಎಣಿಕೆ ಸುಲಭ. ಆ ಮೂರ್ನಾಲ್ಕು ಪದ C ಕಲಂನಲ್ಲಿ ಎರಡನೇ ಸಾಲಿನಿಂದ ಶುರುವಾದರೆ, ಅದೇ ಸಾಲಿನ ಪಕ್ಕದಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ:

```
=COUNTIF(C:C,C2)
```

ಒಂದು ಎಚ್ಚರ. ಒಂದು ಕಡೆ "ಸಮಾಂತರ", ಇನ್ನೊಂದು ಕಡೆ "ಸಮಾನಾಂತರ" ಅಂತ ಬರೆದರೆ ಅದು ಬೇರೆ ಬೇರೆ ಎಂದೇ ಎಣಿಸುತ್ತದೆ. ಎಲ್ಲ ಸಾಲಿಗೂ 1 ಬಂದರೆ ಖುಷಿಪಡುವ ಮೊದಲು ಕಾಗುಣಿತ ನೋಡಿ.

ಪಟ್ಟಿಯಲ್ಲಿ ಇಲ್ಲದ್ದನ್ನೂ ಹುಡುಕಿ. ನನ್ನ ಪಟ್ಟಿಯಲ್ಲಿ ಲೆಕ್ಕ ಜಾಸ್ತಿ, ನಿಯಮ ಬರೆಯುವುದು ಜಾಸ್ತಿ. ಅಳತೆಗಳನ್ನು ಕೊಟ್ಟು ಯೋಚಿಸಲು ಹೇಳಿದ್ದು ಒಂದೂ ಇರಲಿಲ್ಲ. ಹಾಗಾಗಿ "ಓಮ್‌ನ ನಿಯಮ ನಿರೂಪಿಸಿ" ಎನ್ನುವುದರ ಬದಲು ಹೀಗೆ ಬರೆದೆ: ಒಬ್ಬ ವಿದ್ಯಾರ್ಥಿ ಒಂದು ತಂತಿಗೆ 1, 2, 3, 4 ವೋಲ್ಟ್ ಕೊಟ್ಟಾಗ 0.2, 0.4, 0.5, 0.8 ಆಂಪಿಯರ್ ಅಂತ ಬರೆದುಕೊಂಡಿದ್ದಾನೆ. ತಂತಿಯ ಉಷ್ಣತೆ ಬದಲಾಗಿಲ್ಲ. ಯಾವ ಅಳತೆ ತಪ್ಪಿರಬಹುದು? ಕಾರಣ ಕೊಡಿ.

ಮೂರು ಕಡೆ ಭಾಗಿಸಿದರೆ 5 ಓಮ್ ಬರುತ್ತದೆ, 3 ವೋಲ್ಟ್ ಹತ್ತಿರ ಮಾತ್ರ 6. ಅಲ್ಲಿ 0.6 ಇರಬೇಕಿತ್ತು. ತಪ್ಪು ಹಿಡಿದದ್ದಕ್ಕೆ ಒಂದು ಅಂಕ, ಕಾರಣಕ್ಕೆ ಒಂದು, ಸರಿಯಾದ ಅಳತೆಗೆ ಒಂದು. ನಿಯಮ ಅದೇ, ಪಾಠ ಅದೇ. ಬಾಯಿಪಾಠದ ದಾರಿ ಮಾತ್ರ ಇಲ್ಲ.

ಹಾಗಂತ ಎಲ್ಲವನ್ನೂ ಹೊಸದು ಮಾಡಬೇಡಿ. ಮಂಡಲದ ಚಿತ್ರ, ಒಟ್ಟು ರೋಧದ ಲೆಕ್ಕ ಪ್ರತಿ ಮಗುವಿಗೂ ಬರಲೇಬೇಕು. ಅವು ಮತ್ತೆ ಬರಲಿ. ಹಿಂದುಳಿದ ಮಕ್ಕಳಿಗೆ ಪಾಸಾಗುವ ಧೈರ್ಯ ಅಲ್ಲಿಂದಲೇ ಸಿಗುವುದು, ಅಲ್ವಾ? ಒಂದು ಪಾಠಕ್ಕೆ ಒಂದು ಹೊಸ ಪ್ರಶ್ನೆ ಸೇರಿಸಿದರೂ ಸಾಕು. ಅದನ್ನು ಮೊದಲು ಗಣಿತದ ಮೇಷ್ಟ್ರ ಕೈಲಿ ಕೊಟ್ಟು ಬಿಡಿಸಲು ಹೇಳಿ. ಅವರು "ಇದರಲ್ಲಿ ಏನು ಕೇಳ್ತಿದ್ದೀರಿ?" ಅಂದರೆ ವಾಕ್ಯ ಸರಿಯಿಲ್ಲ ಅಂತ ಅರ್ಥ. ನಾನು ಮೊದಲು "ಉಷ್ಣತೆ ಬದಲಾಗಿಲ್ಲ" ಅಂತ ಹಾಕಿರಲಿಲ್ಲ. ತಂತಿ ಬಿಸಿಯಾದರೆ ರೋಧ ಏರುವುದಿಲ್ಲವೇ ಅಂತ ಅವರೇ ಕೇಳಿದ್ದು.

ಪರೀಕ್ಷೆ ಮುಗಿದ ಮೇಲೆ ಹೊಸ ಪ್ರಶ್ನೆಗೆ ಮಕ್ಕಳು ಬರೆದ ತಪ್ಪು ಉತ್ತರಗಳನ್ನೂ ಅದೇ ಪಟ್ಟಿಯಲ್ಲಿ ಬರೆದಿಡಿ. ನನ್ನ ತರಗತಿಯಲ್ಲಿ ಕೆಲವರು ನಾಲ್ಕು ರೋಧಗಳ ಸರಾಸರಿ ತೆಗೆದು 5.25 ಓಮ್ ಅಂತ ಬರೆದಿದ್ದರು. ಮುಂದಿನ ವರ್ಷ ನಾನು ಕೇಳಿದ್ದು ಅದನ್ನೇ: ಇಲ್ಲಿ ಸರಾಸರಿ ತೆಗೆಯುವುದು ಸರಿಯೇ, ಯಾಕೆ?