ಮೊದಲು ತ್ರಿಭುಜ, ಆಮೇಲೆ ಸೂತ್ರ: ದ್ವಿಪದ ಪ್ರಮೇಯದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪ್ರಥಮ ಪಿಯುಸಿಗೆ ಗಣಿತ ಹೇಳಿಕೊಡುತ್ತೇನೆ. ಮಕ್ಕಳು ದ್ವಿಪದ ಪ್ರಮೇಯದ ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. (2x − 3)^5 ವಿಸ್ತರಿಸಿ ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಪ್ಯಾಸ್ಕಲ್ ತ್ರಿಭುಜಕ್ಕೆ ಒಂದು ಪೀರಿಯಡ್ ಕೊಟ್ಟರೆ ಸಮಯ ದಂಡವೇ ಸಾರ್? (ಉಪನ್ಯಾಸಕಿ, ಮದ್ದೂರು)

ಉತ್ತರ: ಒಂದಲ್ಲ, ಎರಡು ಪೀರಿಯಡ್ ಕೊಡಿ ಮೇಡಂ. ಪಠ್ಯಪುಸ್ತಕವೂ ತ್ರಿಭುಜವನ್ನೇ ಮೊದಲು ಇಟ್ಟಿದೆ. ಆದರೆ ಬಹಳಷ್ಟು ತರಗತಿಗಳಲ್ಲಿ ಆ ಪುಟ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬೋರ್ಡಿನ ಮೇಲೆ ಅಂಕಿಗಳ ಗೋಪುರ ಬರೆದು, "ಮೇಲಿನ ಎರಡನ್ನು ಕೂಡಿಸಿದರೆ ಕೆಳಗಿನದು" ಅಂದು, ಅಲ್ಲಿಂದ ನೇರ ಫ್ಯಾಕ್ಟೋರಿಯಲ್‌ಗೆ ಹಾರುತ್ತಾರೆ. ಯಾಕೆ ಕೂಡಿಸಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ಹೇಳದಿದ್ದರೆ ತ್ರಿಭುಜ ಕಲಿಸಿಯೂ ಪ್ರಯೋಜನವಿಲ್ಲ, ಅದು ಇನ್ನೊಂದು ಬಾಯಿಪಾಠ ಅಷ್ಟೆ.

ನಮ್ಮ ಮಕ್ಕಳಿಗೆ ಈ "ಯಾಕೆ" ಹೇಳುವುದು ಸುಲಭ, ಏಕೆಂದರೆ ಅವರು ಹೈಸ್ಕೂಲಿನ ಕನ್ನಡ ತರಗತಿಯಲ್ಲಿ ಅಕ್ಷರಗಣ ಕಲಿತು ಬಂದಿರುತ್ತಾರೆ. ಮೂರು ಅಕ್ಷರಗಳು, ಪ್ರತಿಯೊಂದೂ ಗುರು ಅಥವಾ ಲಘು, ಒಟ್ಟು ಎಂಟು ಗಣ. ಈ ಎಂಟನ್ನು ಲಘುಗಳ ಎಣಿಕೆಯ ಪ್ರಕಾರ ಬೋರ್ಡಿನ ಮೇಲೆ ಬರೆಸಿ. ಲಘುವೇ ಇಲ್ಲದ್ದು ಮಗಣ ಒಂದೇ. ಒಂದು ಲಘು ಇರುವುದು ಯಗಣ, ರಗಣ, ತಗಣ, ಅಂದರೆ ಮೂರು. ಎರಡು ಲಘು ಇರುವುದು ಭಗಣ, ಜಗಣ, ಸಗಣ, ಅದೂ ಮೂರು. ಮೂರೂ ಲಘುವಾದದ್ದು ನಗಣ ಒಂದು. 1, 3, 3, 1 ತಾನಾಗಿ ಬಂದಿತು. (a + b)^3 ಅಂದರೂ ಇದೇ ಲೆಕ್ಕ. ಮೂರು ಆವರಣಗಳಿವೆ, ಪ್ರತಿಯೊಂದರಿಂದ a ಅಥವಾ b ಒಂದನ್ನು ಎತ್ತಿಕೊಳ್ಳಬೇಕು. ಒಂದೇ ಒಂದು b ಬರುವಂತೆ ಎತ್ತಲು ಮೂರು ದಾರಿ ಇರುವುದರಿಂದ a²b ಮುಂದೆ 3 ಬರುತ್ತದೆ.

ಈಗ ನಾಲ್ಕನೆಯ ಅಕ್ಷರ ಸೇರಿಸಿ. ನಾಲ್ಕು ಅಕ್ಷರಗಳಲ್ಲಿ ಎರಡು ಲಘು ಬೇಕು ಎನ್ನಿ. ಕೊನೆಯ ಅಕ್ಷರ ಗುರುವಾದರೆ ಮೊದಲ ಮೂರರಲ್ಲೇ ಎರಡು ಲಘು ಆಗಿರಬೇಕು, ಅಂಥವು ಭ, ಜ, ಸ ಎಂಬ ಮೂರು ಗಣ. ಕೊನೆಯ ಅಕ್ಷರ ಲಘುವಾದರೆ ಮೊದಲ ಮೂರರಲ್ಲಿ ಒಂದೇ ಲಘು ಇರಬೇಕು, ಅಂಥವು ಯ, ರ, ತ. ಮೂರಕ್ಕೆ ಮೂರು ಸೇರಿ ಆರು. ಬೇರೆ ದಾರಿಯಿಲ್ಲ, ಒಂದೇ ವಿನ್ಯಾಸ ಎರಡು ಸಲ ಎಣಿಕೆಗೆ ಬಂದೂ ಇಲ್ಲ. "ಮೇಲಿನ ಎರಡನ್ನು ಕೂಡಿಸು" ಎಂಬುದರ ಹಿಂದಿರುವ ಕಾರಣ ಇಷ್ಟೇ. ಆರೂ ವಿನ್ಯಾಸಗಳನ್ನು ಮಕ್ಕಳ ಕೈಯಲ್ಲೇ ಬರೆಸಿ, ನೀವು ಬರೆಯಬೇಡಿ.

ಅದೇ ಪೀರಿಯಡ್‌ನಲ್ಲಿ ಬೀಜಗಣಿತದ ಗುಣಾಕಾರವನ್ನೂ ಅದರ ಪಕ್ಕದಲ್ಲಿ ತೋರಿಸಿ. (a + b)^3 ಅನ್ನು ಮೊದಲು a ಇಂದ, ಆಮೇಲೆ b ಇಂದ ಗುಣಿಸಿ, ಎರಡನೆಯ ಸಾಲನ್ನು ಒಂದು ಮನೆ ಬಲಕ್ಕೆ ಸರಿಸಿ ಬರೆಯಬೇಕು:

```
a ಇಂದ :  a^4 + 3a^3b + 3a^2b^2 +  ab^3
b ಇಂದ :         a^3b + 3a^2b^2 + 3ab^3 + b^4
ಮೊತ್ತ  :  a^4 + 4a^3b + 6a^2b^2 + 4ab^3 + b^4
```

ಸರಿಸದೆ ಬರೆದರೆ ಸಜಾತಿ ಪದಗಳು ಒಂದರ ಕೆಳಗೊಂದು ಬರುವುದಿಲ್ಲ, ಮಕ್ಕಳು a^4 ಜೊತೆ a^3b ಕೂಡಿಸಿಬಿಡುತ್ತಾರೆ. ಲಘು–ಗುರುವಿನಲ್ಲಿ ಬಂದ 3 + 3, ಇಲ್ಲಿ a^2b^2 ಕೆಳಗೆ ಮತ್ತೆ ಬಂದದ್ದನ್ನು ಬೆರಳಿಟ್ಟು ತೋರಿಸಿ.

ಇನ್ನು ನಿಮ್ಮ (2x − 3)^5. ಮೊದಲ ತಪ್ಪು ಸಾಲು ಆರಿಸುವುದರಲ್ಲೇ ಆಗುತ್ತದೆ. ತುದಿಯ ಒಂಟಿ 1 ಸೊನ್ನೆಯನೇ ಸಾಲು. ಮೇಲಿನಿಂದ ಐದು ಗೆರೆ ಎಣಿಸಿದ ಹುಡುಗ 1, 4, 6, 4, 1ರಲ್ಲಿ ನಿಂತಿರುತ್ತಾನೆ, ಅದು ನಾಲ್ಕನೆಯ ಘಾತದ್ದು. ಗೆರೆ ಎಣಿಸುವ ಅಭ್ಯಾಸವನ್ನೇ ಬಿಡಿಸಿ. ಸಾಲಿನ ಎರಡನೆಯ ಅಂಕಿ ಯಾವುದೋ ಅದೇ ಘಾತ ಎಂದು ನೋಡಿಕೊಂಡರೆ ಸಾಕು. ಇಲ್ಲಿ ಬೇಕಾದದ್ದು 1, 5, 10, 10, 5, 1.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. (2x)^5 ಬರೆಯಬೇಕಾದ ಕಡೆ 2x^5 ಬರೆಯುತ್ತಾರೆ, ಘಾತ xಗೆ ಮಾತ್ರ ಹೋಗುತ್ತದೆ, 2 ಹಾಗೇ ಉಳಿಯುತ್ತದೆ. ಒಂದೇ ಗೆರೆಯಲ್ಲಿ ಎಲ್ಲವನ್ನೂ ಬರೆಯಲು ಹೊರಟರೆ ಈ ತಪ್ಪು ತಪ್ಪುವುದಿಲ್ಲ. ಮೂರು ಸಾಲು ಮಾಡಿಸಿ, ಸಹಗುಣಕ ಒಂದರಲ್ಲಿ, ಮೊದಲ ಪದದ ಘಾತಗಳು ಇನ್ನೊಂದರಲ್ಲಿ, ಎರಡನೆಯ ಪದದ ಘಾತಗಳು ಮತ್ತೊಂದರಲ್ಲಿ. ಚಿಹ್ನೆ −3ರ ಜೊತೆಗೇ ಇರಬೇಕು:

```
ತ್ರಿಭುಜ :  1      5      10     10     5     1
2x     : 32x^5  16x^4   8x^3   4x^2   2x    1
−3     :  1     −3      9     −27     81   −243
ಗುಣಲಬ್ಧ: 32x^5 −240x^4 720x^3 −1080x^2 810x −243
```

ಮೂರನೆಯ ಸಾಲಿನಲ್ಲಿ ಚಿಹ್ನೆ ಒಂದು ಬಿಟ್ಟು ಒಂದು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಅದಕ್ಕೆ ಬೇರೆ ನಿಯಮ ಕಲಿಸುವ ಅಗತ್ಯವೇ ಇಲ್ಲ. ಮೈನಸ್ ಇದ್ದರೆ ಹೀಗೆ, ಪ್ಲಸ್ ಇದ್ದರೆ ಹಾಗೆ ಎಂದು ಎರಡು ಸೂತ್ರ ಬರೆಸುವುದನ್ನು ದಯವಿಟ್ಟು ನಿಲ್ಲಿಸಿ.

ಉತ್ತರ ಬರೆದ ಮೇಲೆ x ಜಾಗದಲ್ಲಿ 1 ಹಾಕಿಸಿ. ಎಡಗಡೆ (2 − 3)^5, ಅಂದರೆ −1. ಬಲಗಡೆ 32 − 240 + 720 − 1080 + 810 − 243, ಅದೂ −1. ಘಾತವನ್ನು xಗೆ ಮಾತ್ರ ಕೊಟ್ಟವರಿಗೆ 2 − 30 + 180 − 540 + 810 − 243 ಬರುತ್ತದೆ, ಮೊತ್ತ 179. ನೀವು ನೋಟ್‌ಬುಕ್ ತಿದ್ದುವ ಮೊದಲೇ ತಪ್ಪು ಅವರಿಗೆ ಗೊತ್ತಾಗಿರುತ್ತದೆ. ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ. x^3 ಬದಲು x^2 ಬರೆದಿದ್ದರೆ 1 ಹಾಕಿದಾಗ ಅದು ಸಿಕ್ಕಿಬೀಳುವುದಿಲ್ಲ, ಏಕೆಂದರೆ 1ರ ಯಾವ ಘಾತವೂ 1. ಘಾತಗಳು 5ರಿಂದ 0ವರೆಗೆ ಒಂದೊಂದೇ ಇಳಿದಿವೆಯೇ ಎಂದು ಬೇರೆಯಾಗಿ ನೋಡಲೇಬೇಕು.

ಇಷ್ಟು ಕೈಗೆ ಕೂತ ಮೇಲೆ ದೊಡ್ಡ ಘಾತಕ್ಕೆ ಹೋಗಿ. ಹನ್ನೆರಡನೆಯ ಘಾತಕ್ಕೆ ಹನ್ನೆರಡು ಸಾಲು ಬರೆಸುವುದು ಶಿಕ್ಷೆ, ಎಲ್ಲೋ ಒಂದು ಸಂಕಲನ ತಪ್ಪಿದರೆ ಕೆಳಗಿನದೆಲ್ಲ ಕೆಡುತ್ತದೆ. ಹಾಗಂತ ಆಗಲೇ ಫ್ಯಾಕ್ಟೋರಿಯಲ್ ಬೇಡ. ನಡುವೆ ಒಂದು ಮೆಟ್ಟಿಲಿದೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಮೇಲಿನ ಸಾಲುಗಳ ಹಂಗಿಲ್ಲದೆ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ನಡೆಯಬಹುದು. 1ರಿಂದ ಶುರುಮಾಡಿ 12ರಿಂದ ಗುಣಿಸಿ 1ರಿಂದ ಭಾಗಿಸಿ, 12. ಅದನ್ನು 11ರಿಂದ ಗುಣಿಸಿ 2ರಿಂದ ಭಾಗಿಸಿ, 66. 10ರಿಂದ ಗುಣಿಸಿ 3ರಿಂದ ಭಾಗಿಸಿ, 220. ಹೀಗೇ 9 ಮತ್ತು 4, 8 ಮತ್ತು 5, 7 ಮತ್ತು 6 ಬಳಸಿದರೆ 495, 792, 924. ಅಲ್ಲಿಗೆ ಸಾಲಿನ ನಡು ಬಂತು, ಮುಂದಿನದು ಹಿಮ್ಮುಖವಾಗಿ ಅದೇ ಅಂಕಿಗಳು.

ಇದೂ ಮಂತ್ರವಲ್ಲ. ಹನ್ನೆರಡು ಆವರಣಗಳಲ್ಲಿ ಎರಡನ್ನು ಆರಿಸಲು 66 ದಾರಿ ಇದ್ದರೆ, ಪ್ರತಿಯೊಂದಕ್ಕೂ ಉಳಿದ ಹತ್ತರಲ್ಲಿ ಒಂದನ್ನು ಸೇರಿಸಿ ಮೂರರ ಗುಂಪು ಮಾಡಬಹುದು, ಒಟ್ಟು 660. ಆದರೆ ಮೂರರ ಒಂದೊಂದು ಗುಂಪೂ ಮೂರು ಸಲ ಎಣಿಕೆಯಾಗಿದೆ, ಮೂವರಲ್ಲಿ ಯಾರು ಬೇಕಾದರೂ ಕೊನೆಗೆ ಸೇರಿದವರಾಗಬಹುದಲ್ಲ. ಅದಕ್ಕೇ 3ರಿಂದ ಭಾಗಿಸುವುದು. ಈ ಗುಣಾಕಾರ ಭಾಗಾಕಾರಗಳನ್ನೆಲ್ಲ ಒಂದೇ ಗೆರೆಯಲ್ಲಿ ಬರೆದರೆ (12 × 11 × 10)/(1 × 2 × 3) ಆಗುತ್ತದೆ, ಅದೇ C(12, 3). ಫ್ಯಾಕ್ಟೋರಿಯಲ್ ಸೂತ್ರವನ್ನು ಈಗ ಬರೆಯಿರಿ. ಹಿಂದಿನ ಅಧ್ಯಾಯದಲ್ಲಿ ಕಲಿತ ವಿಕಲ್ಪ ಇಲ್ಲಿಗೆ ಯಾಕೆ ಬಂತು ಎಂದು ಮಕ್ಕಳು ಕೇಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಈ ನಡಿಗೆಯಲ್ಲಿ ಗುಣಿಸಿದ ಮೇಲೆಯೇ ಭಾಗಿಸಬೇಕು. 220 ಇದ್ದಾಗ ಮೊದಲು 9ರಿಂದ ಗುಣಿಸಿ 1980 ಮಾಡಿಕೊಂಡು 4ರಿಂದ ಭಾಗಿಸಿ. 66ರಿಂದ 220ಕ್ಕೆ ಹೋಗುವಾಗ 10/3 ಅನ್ನು, ಅಥವಾ 792ರಿಂದ 924ಕ್ಕೆ ಹೋಗುವಾಗ 7/6 ಅನ್ನು ಮೊದಲೇ ದಶಮಾಂಶ ಮಾಡಿ ದುಂಡು ಮಾಡಿದರೆ, ಪೂರ್ಣಾಂಕ ಬರಬೇಕಾದ ಕಡೆ ಚೂರು ಉಳಿಯುತ್ತದೆ. ಗುಣಿಸಿ ಭಾಗಿಸಿದ ಮೇಲೂ ಶೇಷ ಉಳಿದರೆ ಹಿಂದಿನ ಹೆಜ್ಜೆ ತಪ್ಪಿದೆ ಎಂದೇ ಅರ್ಥ, ಮುಂದೆ ಹೋಗಬಾರದು.

ಪ್ರಶ್ನೆ: 11ರ ಘಾತ ಬರೆದರೆ ತ್ರಿಭುಜದ ಸಾಲು ಸಿಗುತ್ತದೆ ಎಂದು ಟ್ಯೂಷನ್‌ನಲ್ಲಿ ಶಾರ್ಟ್‌ಕಟ್ ಹೇಳಿದ್ದಾರೆ. ಪರೀಕ್ಷೆಯಲ್ಲಿ ಬಳಸಬಹುದೇ? (ವಿದ್ಯಾರ್ಥಿ, ಮೈಸೂರು)

ಉತ್ತರ: ಬೇಡಪ್ಪ. 11^4 = 14641 ತನಕ ಸರಿಹೋಗುತ್ತದೆ, ಶಾರ್ಟ್‌ಕಟ್ ಮಾರುವವರು ಅಲ್ಲಿಗೇ ನಿಲ್ಲಿಸುತ್ತಾರೆ. 11^5 = 161051. ಇದನ್ನು ನೋಡಿ 1, 6, 1, 0, 5, 1 ಬರೆದರೆ ಸೊನ್ನೆ ಅಂಕ. ನಿಜವಾದ ಸಾಲಿನಲ್ಲಿ ಎರಡು ಕಡೆ 10 ಇದೆ, ಹತ್ತನ್ನು ಒಂದು ಸ್ಥಾನದಲ್ಲಿ ಕೂರಿಸಲಾಗದೆ ಕೈಗೆ ಬಂದ 1 ಎಡಕ್ಕೆ ಹೋಗಿದೆ: 100000 + 50000 + 10000 + 1000 + 50 + 1. (10 + 1)^5 ಎಂದು ವಿಸ್ತರಿಸಿ 11^5 ಕಂಡುಹಿಡಿಯುವುದು ಒಳ್ಳೆಯ ಅಭ್ಯಾಸ. 11^5 ನೋಡಿ ಸಾಲು ಊಹಿಸುವುದು ಕೆಟ್ಟ ಅಭ್ಯಾಸ. ಐದನೆಯ ಘಾತದವರೆಗೆ ತ್ರಿಭುಜ ಬರೆಯಲು ಹತ್ತು ಸಂಕಲನ ಸಾಕಾಗಿರುವಾಗ ಈ ತಿರುವುಮುರುವು ಯಾಕೆ?

ಪ್ರಶ್ನೆ: ಎಷ್ಟು ಸಾಲು ಬಾಯಿಪಾಠ ಮಾಡಿಸಬೇಕು? (ಪೋಷಕರು, ನಂಜನಗೂಡು)

ಉತ್ತರ: ಒಂದೂ ಬೇಡ. ಆರನೆಯ ಘಾತದವರೆಗೆ ಬರೆಯಲು ಒಂದು ನಿಮಿಷ ಸಾಕು, ಬರೆದು ಬರೆದು ತಾನೇ ನೆನಪಿರುತ್ತದೆ.

ಪ್ರಶ್ನೆ: ಈ ತ್ರಿಭುಜ ಪ್ಯಾಸ್ಕಲ್‌ನದೋ, ನಮ್ಮ ಪಿಂಗಳನದೋ? (ಓದುಗರು, ಪಾಂಡವಪುರ)

ಉತ್ತರ: ಪಿಂಗಳನ ಛಂದಸ್ಸೂತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ಜೋಡಣೆಯನ್ನು ಮೇರುಪ್ರಸ್ತಾರ ಎಂದು ಬಿಡಿಸಿ ಹೇಳಿದ್ದಾನೆ, ಲಘು–ಗುರುಗಳನ್ನು ಎಣಿಸುವುದಕ್ಕೇ. ಪ್ಯಾಸ್ಕಲ್‌ನ ಗ್ರಂಥ ಅಚ್ಚಾದದ್ದು 1665ರಲ್ಲಿ. ಆದರೆ ಪ್ಯಾಸ್ಕಲ್ ಕದ್ದ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತಿಗೆ ಆಧಾರವಿಲ್ಲ, ಅದನ್ನು ತರಗತಿಗೆ ತರಬೇಡಿ.

ಪ್ರಶ್ನೆ: (1 + x)^(1/2) ಇದ್ದರೆ ಯಾವ ಸಾಲು ತೆಗೆದುಕೊಳ್ಳಬೇಕು? (ವಿದ್ಯಾರ್ಥಿನಿ, ಹುಣಸೂರು)

ಉತ್ತರ: ಯಾವ ಸಾಲೂ ಅಲ್ಲಮ್ಮ. ಅರ್ಧ ಆವರಣದಿಂದ ಅಕ್ಷರ ಎತ್ತಿಕೊಳ್ಳಲು ಆಗುವುದಿಲ್ಲವಾದ್ದರಿಂದ ಎಣಿಕೆಯ ತ್ರಿಭುಜ ಅಲ್ಲಿ ನಿಲ್ಲುತ್ತದೆ. ಆದರೆ ಮೇಲೆ ಹೇಳಿದ ಎಡದಿಂದ ಬಲಕ್ಕೆ ನಡೆಯುವ ಕ್ರಮ ನಡೆಯುತ್ತದೆ. 12ರ ಜಾಗದಲ್ಲಿ 1/2, 11ರ ಜಾಗದಲ್ಲಿ −1/2 ಹಾಕಿದರೆ 1 + x/2 − x²/8 ಎಂದು ಶುರುವಾಗಿ ಮುಗಿಯದ ಶ್ರೇಣಿಯಾಗುತ್ತದೆ. x ಬೆಲೆ −1 ಮತ್ತು 1ರ ನಡುವೆ ಇದ್ದಾಗ ಅದನ್ನು ನಂಬಬಹುದು.