ಐದನೇ ಸ್ಲೈಡ್‌ಗೆ ಒಂದು ಕವಲು ಬೇಕು

"ಕ್ರಿಕೆಟ್‌ನ ಎಲ್‌ಬಿಡಬ್ಲ್ಯು ನಿಯಮ ಏನೂ ಗೊತ್ತಿಲ್ಲದವರಿಗಾಗಿ ಎಂಟು ಸ್ಲೈಡ್ ಮಾಡಿದ್ದೇನೆ. ಒಂದು ಸ್ಲೈಡ್‌ಗೆ ಒಂದೇ ಷರತ್ತು, ಒಂದೇ ಚಿತ್ರ. ಓದಿದ ಗೆಳೆಯರು ಐದನೆಯದರವರೆಗೆ ಸಲೀಸಾಗಿ ಬಂದು ಅಲ್ಲಿಂದ ಮುಂದೆ ಗೊಂದಲ ಆಯ್ತು ಅಂದರು. ಎಲ್ಲಿ ಎಡವಿದ್ದೇನೆ? ಮುಲಾಜಿಲ್ಲದೆ ಹೇಳಿ."

ನಿಮ್ಮ ಗೆಳೆಯರು ಸರಿಯಾಗಿಯೇ ಗೊಂದಲಗೊಂಡಿದ್ದಾರೆ. ಐದನೇ ಸ್ಲೈಡ್‌ನಲ್ಲಿ "ಚೆಂಡು ಪ್ಯಾಡಿಗೆ ತಗುಲಿದ ಜಾಗ ಸ್ಟಂಪ್‌ಗಳ ನೇರಕ್ಕೆ ಇರಬೇಕು" ಎಂದಿದ್ದೀರಿ. ಆರನೆಯದರಲ್ಲಿ "ಬ್ಯಾಟರ್ ಹೊಡೆಯಲು ಯತ್ನಿಸಿರಬಾರದು" ಎಂದಿದೆ. ಒಂದಾದ ಮೇಲೆ ಒಂದು ಬಂದಾಗ ಹೊಸಬರು ಎರಡೂ ಬೇಕು ಅಂತಲೇ ಓದುತ್ತಾರೆ. ಹಾಗೆ ಓದಿದರೆ ಬ್ಯಾಟ್ ಬೀಸಿದವನು ಎಂದೂ ಎಲ್‌ಬಿಡಬ್ಲ್ಯು ಆಗುವುದೇ ಇಲ್ಲ! ನಿಮಗೆ ನಿಯಮ ಗೊತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ಲೈಡ್‌ಗಳು ಹೇಳುತ್ತಿರುವುದು ಬೇರೆ. ಈಗಿರುವಂತೆ ಇದನ್ನು ಹಾಕಲು ಆಗಲ್ಲ.

ಒಂದು ಸ್ಲೈಡ್‌ಗೆ ಒಂದು ಷರತ್ತು ಎಂಬ ಯೋಜನೆ ಚೆನ್ನಾಗಿಯೇ ಇದೆ. ಆದರೆ ಎಲ್ಲ ಷರತ್ತುಗಳೂ ಒಂದೇ ಸಾಲಿನಲ್ಲಿ ನಿಂತಾಗ ಮಾತ್ರ ಅದು ನಡೆಯುತ್ತದೆ. ನೋಬಾಲ್ ಅಲ್ಲ ತಾನೇ? ಲೆಗ್ ಸ್ಟಂಪಿನ ಹೊರಗೆ ಪಿಚ್ ಆಗಿಲ್ಲ ತಾನೇ? ಮೊದಲು ಬ್ಯಾಟಿಗೆ ತಗುಲಿಲ್ಲ ತಾನೇ? ಇಲ್ಲಿಯವರೆಗೆ ಯಾವುದರಲ್ಲಿ ತಪ್ಪಿದರೂ ನಾಟೌಟ್, ಅಲ್ಲಿಗೇ ಮುಗಿಯಿತು. ಚೆಂಡು ತಗುಲಿದ ಜಾಗಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಸ್ಟಂಪ್‌ಗಳ ನೇರದಲ್ಲಿ ತಗುಲಿದ್ದರೆ ಬ್ಯಾಟರ್ ಹೊಡೆಯಲು ಹೋದನೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಲೆಗ್ ಸ್ಟಂಪಿನ ಹೊರಗೆ ತಗುಲಿದ್ದರೆ ನಾಟೌಟ್. ಆಫ್ ಸ್ಟಂಪಿನ ಹೊರಗೆ ತಗುಲಿದಾಗ ಮಾತ್ರ ಆ ಪ್ರಶ್ನೆ ಕೇಳಬೇಕು. ಅಂದರೆ ನಿಮ್ಮ ಆರನೇ ಸ್ಲೈಡ್ ಎಲ್ಲರೂ ಹಾದುಹೋಗುವ ನಿಲ್ದಾಣ ಅಲ್ಲ. ಐದನೆಯದರ ಒಂದು ಬದಿಯಿಂದ ಹೊರಟ ಅಡ್ಡದಾರಿ ಅದು. ಹಾಗೆಯೇ ತೋರಿಸಿ. ಐದರಿಂದ ಎರಡು ಬಾಣ ಹೊರಡಲಿ, ಒಂದು ನೇರವಾಗಿ, ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ ಎಂದು ಕೇಳುವ ಏಳಕ್ಕೆ, ಇನ್ನೊಂದು ಆರರ ಮೂಲಕ ಏಳಕ್ಕೆ.

ಚಿತ್ರದ ವಿಷಯಕ್ಕೆ ಬರೋಣ. ಮೇಲಿನಿಂದ ನೋಡಿದ ಚಿತ್ರ ಸಾಕು. ಟಿವಿಯಲ್ಲಿ ಕಾಣುವ ಹಾಗೆ ದೂರಕ್ಕೆ ಹೋದಂತೆ ಕಿರಿದಾಗುವ ಪಿಚ್ ಬರೆದಿದ್ದೀರಿ, ಅದರಲ್ಲಿ ಯಾವುದು ಯಾವುದರ ನೇರ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಚಿತ್ರದಲ್ಲಿ ಮೂರು ಪಟ್ಟಿಗಳಿರಲಿ: ಆಫ್ ಕಡೆ, ನಡುವಿನದು, ಲೆಗ್ ಕಡೆ. ನಡುವಿನದು ಸ್ಟಂಪ್‌ಗಳಷ್ಟೇ ಅಗಲ, ಅಂದರೆ 22.86 ಸೆಂಟಿಮೀಟರ್. ಪಿಚ್ ಆದ ಜಾಗದ ಸ್ಲೈಡ್‌ಗೂ ತಗುಲಿದ ಜಾಗದ ಸ್ಲೈಡ್‌ಗೂ ಇದೇ ಮೂರು ಪಟ್ಟಿ, ಬಣ್ಣ ಮಾತ್ರ ಬೇರೆ. ಪಿಚ್ ಆಗುವ ಸ್ಲೈಡ್‌ನಲ್ಲಿ ಆಫ್ ಪಟ್ಟಿ, ನಡು ಪಟ್ಟಿ ಎರಡೂ ಹಸಿರು, ಲೆಗ್ ಪಟ್ಟಿ ಕೆಂಪು. ತಗುಲುವ ಸ್ಲೈಡ್‌ನಲ್ಲಿ ನಡುವಿನದು ಹಸಿರು, ಲೆಗ್ ಕೆಂಪು, ಆಫ್ ಹಳದಿ. ಒಂದು ಪಟ್ಟಿಯ ಬಣ್ಣ ಬದಲಾದದ್ದು ಕಣ್ಣಿಗೆ ಬಿದ್ದರೆ ಅರ್ಧ ನಿಯಮ ತಿಳಿದಂತೆಯೇ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಎರಡು ತುದಿಯ ಸ್ಟಂಪ್‌ಗಳ ನಡುವಿನ ದೂರ 20.12 ಮೀಟರ್. ಅಷ್ಟನ್ನೂ ಅಳತೆಗೆ ಸರಿಯಾಗಿ ಬರೆದರೆ ನಡುವಿನ ಪಟ್ಟಿ ತನ್ನ ಉದ್ದದ ಎಂಬತ್ತೆಂಟನೇ ಒಂದು ಭಾಗದಷ್ಟೇ ಅಗಲ ಆಗುತ್ತದೆ, ಏನೂ ಕಾಣದು. ಬ್ಯಾಟರ್ ಕಡೆಯ ನಾಲ್ಕು ಮೀಟರ್ ಮಾತ್ರ ಬರೆಯಿರಿ, ಅಗಲವನ್ನು ಹಿಗ್ಗಿಸಿ, ಹಿಗ್ಗಿಸಿದ್ದೇವೆ ಅಂತ ಒಂದು ಸಾಲು ಹಾಕಿ. ಅಗಲ ಹಿಗ್ಗಿಸಿದರೂ ನೇರ ಗೆರೆ ನೇರವಾಗಿಯೇ ಉಳಿಯುತ್ತದೆ.

ಅದಕ್ಕೇ ನಿಮ್ಮ ಏಳನೇ ಸ್ಲೈಡ್‌ನ ಚುಕ್ಕಿಗೆರೆ ನನಗೆ ಒಪ್ಪಿಗೆಯಾಗಲಿಲ್ಲ. ಚೆಂಡು ಪ್ಯಾಡಿಗೆ ತಗುಲಿದ ಮೇಲೆ ಸ್ಟಂಪಿನತ್ತ ಇನ್ನೂ ಸ್ವಲ್ಪ ತಿರುಗಿದೆ! ತಗುಲುವ ಮೊದಲು ಹೇಗೆ ಬರುತ್ತಿತ್ತೋ ಹಾಗೆಯೇ ಮುಂದುವರಿಯುತ್ತಿತ್ತು ಎಂದುಕೊಳ್ಳಬೇಕು ಅನ್ನುತ್ತದೆ ನಿಯಮ. ಮೇಲಿನಿಂದ ನೋಡಿದರೆ ಅದು ಒಂದೇ ನೇರ ಗೆರೆ.

ಒಂದು ಎಸೆತವನ್ನು ಲೆಕ್ಕ ಹಾಕಿ ನೋಡೋಣ. ಬಲಗೈ ಬ್ಯಾಟರ್, ಆಫ್ ಸ್ಪಿನ್ನರ್. ಚೆಂಡು ಆಫ್ ಸ್ಟಂಪಿನ ಗೆರೆಯಿಂದ 18 ಸೆಂಟಿಮೀಟರ್ ಹೊರಗೆ ಪಿಚ್ ಆಗಿ ಒಳಗೆ ತಿರುಗಿತು. ಒಂದೂವರೆ ಮೀಟರ್ ಮುಂದೆ, ಇನ್ನೂ 6 ಸೆಂಟಿಮೀಟರ್ ಹೊರಗಿರುವಾಗಲೇ ಮುಂಗಾಲಿನ ಪ್ಯಾಡಿಗೆ ಬಡಿಯಿತು. ಅಲ್ಲಿಂದ ಸ್ಟಂಪಿಗೆ ಎರಡು ಮೀಟರ್. ಒಂದೂವರೆ ಮೀಟರ್‌ನಲ್ಲಿ 12 ಸೆಂಟಿಮೀಟರ್ ಒಳಗೆ ಬಂದಿದೆ, ಹಾಗಾದರೆ ಉಳಿದ ಎರಡು ಮೀಟರ್‌ನಲ್ಲಿ 16. ಆಫ್ ಗೆರೆಯಿಂದ 10 ಸೆಂಟಿಮೀಟರ್ ಒಳಕ್ಕೆ, ಸರಿಯಾಗಿ ಮಿಡಲ್ ಸ್ಟಂಪಿಗೆ. ಎತ್ತರವೂ ಸರಿಯಿತ್ತು ಎಂದಿಟ್ಟುಕೊಳ್ಳಿ. ಔಟಾ? ಬ್ಯಾಟರ್ ನಿಜವಾಗಿ ಬ್ಯಾಟಿನಿಂದ ಆಡಲು ಹೋಗಿ ತಪ್ಪಿದ್ದರೆ ನಾಟೌಟ್. ಬ್ಯಾಟನ್ನು ಪ್ಯಾಡಿನ ಹಿಂದೆ ಬಚ್ಚಿಟ್ಟು ಸುಮ್ನೆ ಆಡಿದ ಹಾಗೆ ನಟಿಸಿದ್ದರೆ, ಅಥವಾ ಬ್ಯಾಟ್ ಮೇಲೆತ್ತಿ ಬಿಟ್ಟಿದ್ದರೆ ಔಟ್. ಚೆಂಡು ಅದೇ, ಗೆರೆ ಅದೇ, ತೀರ್ಪು ಬೇರೆ. ಆರನೇ ಸ್ಲೈಡ್‌ನಲ್ಲಿ ಈ ಎರಡು ಚಿತ್ರಗಳು ಅಕ್ಕಪಕ್ಕ ಇದ್ದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಾರಣವನ್ನು ಮಾತ್ರ ಒಂದು ಸಾಲಿನಲ್ಲಿ ಹೇಳಿ: ಆಫ್ ಸ್ಟಂಪಿನ ಹೊರಗೆ ಬರೀ ಪ್ಯಾಡ್ ಒಡ್ಡಿ ತಪ್ಪಿಸಿಕೊಳ್ಳುವುದಕ್ಕೆ ಹಾಕಿದ ತಡೆ ಇದು.

ಮೂರನೇ ಸ್ಲೈಡ್‌ನಲ್ಲೂ ಒಂದು ತಪ್ಪಿದೆ. "ಚೆಂಡು ಸ್ಟಂಪ್‌ಗಳ ನೇರದಲ್ಲಿ ಪಿಚ್ ಆಗಿರಬೇಕು" ಎಂದಿದ್ದೀರಿ. ಅದು 1937ಕ್ಕೆ ಮುಂಚಿನ ಕತೆ. ಆಮೇಲೆ ಆಫ್ ಸ್ಟಂಪಿನ ಹೊರಗೆ ಪಿಚ್ ಆದ ಚೆಂಡಿಗೂ ಔಟ್ ಕೊಡಬಹುದು ಎಂದಾಯಿತು. ಮೇಲೆ ಲೆಕ್ಕ ಹಾಕಿದ ಎಸೆತ ನಿಮ್ಮ ಮೂರನೇ ಸ್ಲೈಡ್‌ನಲ್ಲೇ ನಿಂತುಬಿಡುತ್ತದೆ, ಆರಕ್ಕೆ ತಲುಪುವುದೇ ಇಲ್ಲ, ಗಮನಿಸಿದಿರಾ? ಫುಲ್‌ಟಾಸ್ ಅಂತೂ ಪಿಚ್ ಆಗುವುದೇ ಇಲ್ಲ. ಹಾಗಾಗಿ ಈ ಸ್ಲೈಡ್‌ಗೂ ಪಕ್ಕದಲ್ಲಿ ಒಂದು ಸಣ್ಣ ಬಾಣ ಬೇಕು: "ನೆಲಕ್ಕೆ ಬೀಳಲಿಲ್ಲವೇ? ಮುಂದೆ ಹೋಗಿ."

ನಾಲ್ಕನೆಯದರಲ್ಲಿ ಬ್ಯಾಟ್ ಹಿಡಿದ ಕೈಯ ಗ್ಲೌಸ್ ಕೂಡ ಬ್ಯಾಟ್ ಎಂದೇ ಲೆಕ್ಕ ಅಂತ ಸೇರಿಸಿ. ಅದೇ ಸ್ಲೈಡ್‌ನಲ್ಲಿ ಕಾಲಿಗೆ ಮಾತ್ರ ಬಾಣದ ಗುರುತು ಹಾಕಿದ್ದೀರಿ. ಹೆಸರಿನಲ್ಲಿ ಕಾಲಿದ್ದರೂ ಹೊಟ್ಟೆ, ಭುಜ, ಹೆಲ್ಮೆಟ್ ಯಾವುದಕ್ಕೆ ತಗುಲಿದರೂ ಎಲ್‌ಬಿಡಬ್ಲ್ಯು ಆಗಬಹುದು. ತಗುಲಿದ ಜಾಗ ಬೇಲ್ಸ್‌ಗಿಂತ ಮೇಲಿದ್ದರೂ ಅಡ್ಡಿಯಿಲ್ಲ, ಅಲ್ಲಿಂದ ಚೆಂಡು ಇಳಿದು ಸ್ಟಂಪಿಗೆ ಬಡಿಯುವಂತಿರಬೇಕು ಅಷ್ಟೇ. ಇದನ್ನು ಮೇಲಿನಿಂದ ನೋಡಿದ ಚಿತ್ರದಲ್ಲಿ ತೋರಿಸಲು ಆಗದು. ಹಾಗಾಗಿ ಏಳನೇ ಸ್ಲೈಡ್‌ಗೆ ಮಾತ್ರ ಪಕ್ಕದಿಂದ ನೋಡಿದ ಎರಡನೇ ಚಿತ್ರ ಬರೆಯಿರಿ, ಸ್ಟಂಪಿನ ಎತ್ತರ 71.12 ಸೆಂಟಿಮೀಟರ್ ಎಂದು ಗುರುತು ಹಾಕಿ. ಬೇರೆ ಯಾವ ಸ್ಲೈಡ್‌ಗೂ ಆ ನೋಟ ಬೇಡ.

ಅಪೀಲ್ ಇಲ್ಲದೆ ಅಂಪೈರ್ ಔಟ್ ಕೊಡುವಂತಿಲ್ಲ ಎಂಬ ಮಾತಿನಿಂದ ಶುರು ಮಾಡಿದ್ದು ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

ಎಡಗೈ ಬ್ಯಾಟರ್‌ಗೆ ಬೇರೆ ಸ್ಲೈಡ್‌ಗಳನ್ನು ಮಾಡಬೇಡಿ. ಪಟ್ಟಿಗಳ ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಎಂಟನೆಯದರಲ್ಲಿ ಒಮ್ಮೆ ತೋರಿಸಿದರೆ ಸಾಕು. ಬೌಲರ್ ಓಡಲು ಶುರು ಮಾಡಿದಾಗ ಬ್ಯಾಟರ್ ಹೇಗೆ ನಿಂತಿದ್ದನೋ ಅದರ ಮೇಲೆ ಆಫ್ ಯಾವುದು, ಲೆಗ್ ಯಾವುದು ಎಂದು ತೀರ್ಮಾನವಾಗುತ್ತದೆ. ನಡುವೆ ಅವನು ಕೈ ಬದಲಾಯಿಸಿ ಆಡಿದರೂ ಪಟ್ಟಿಗಳು ಬದಲಾಗುವುದಿಲ್ಲ, ಇದನ್ನೂ ಅಲ್ಲೇ ಬರೆಯಿರಿ. ತಿದ್ದಿದ ಮೇಲೆ ಮೊದಲು ಮೂರು, ಐದು, ಆರು ಇವಿಷ್ಟನ್ನೇ ಕಳಿಸಿ. ಅವು ಸರಿಯಾಗಿದ್ದರೆ ಉಳಿದವನ್ನು ನೋಡುತ್ತೇನೆ.